ಸರಿ-ತಪ್ಪು ಪ್ರಶ್ನೆ: ‘ಬೆಲೆ ಇಳಿಯಬೇಕು’ ಅನ್ನೋದು ಪಾಸಿಟಿವಾ, ನಾರ್ಮೇಟಿವಾ? ಸೆಟೆರಿಸ್ ಪ್ಯಾರಿಬಸ್ ಬಗ್ಗೆಯೂ ಗೊಂದಲ

ಬಿಎ_ಎರಡನೇ_ವರ್ಷ

ಎಲ್ಲರಿಗೂ ನಮಸ್ಕಾರ. ನಾನು ಕನ್ನಡ ಮಾಧ್ಯಮದಲ್ಲಿ ಅರ್ಥಶಾಸ್ತ್ರ ಓದುತ್ತಿದ್ದೇನೆ. ನಿನ್ನೆ ಒಂದು ಅಭ್ಯಾಸ ಪರೀಕ್ಷೆ ಬರೆದೆ. ಸರಿ ಅಥವಾ ತಪ್ಪು ಅಂತ ಗುರುತು ಹಾಕುವ ಪ್ರಶ್ನೆಗಳು, ಒಂದೊಂದಕ್ಕೆ ಒಂದು ಅಂಕ. ಈ ನಾಲ್ಕಕ್ಕೂ ನಾನು ‘ಸರಿ’ ಅಂತ ಬರೆದಿದ್ದೆ. ಉತ್ತರಪಟ್ಟಿಯಲ್ಲಿ ನಾಲ್ಕೂ ‘ತಪ್ಪು’ ಅಂತಿದೆ, ಯಾಕೆ ಅಂತ ಮಾತ್ರ ಎಲ್ಲೂ ಬರೆದಿಲ್ಲ.

1. ಪಾಸಿಟಿವ್ ಹೇಳಿಕೆಗಳು ಯಾವಾಗಲೂ ನಿಜವಾಗಿರುತ್ತವೆ.
2. ‘ಬೇಡಿಕೆ ಕುಸಿದಾಗ ಬೆಲೆ ಇಳಿಯಬೇಕು’ ಎಂಬುದು ನಾರ್ಮೇಟಿವ್ ಹೇಳಿಕೆ.
3. ಸೆಟೆರಿಸ್ ಪ್ಯಾರಿಬಸ್ ಎಂದರೆ ಎಲ್ಲವೂ ಸ್ಥಿರವಾಗಿದೆ ಎಂದರ್ಥ.
4. ಒಂದು ವಸ್ತುವಿನ ಬೆಲೆ ಏರಿದರೆ ಜನ ಅದನ್ನು ಕಡಿಮೆ ಕೊಳ್ಳುತ್ತಾರೆ.

ಎರಡನೆಯದರಲ್ಲಿ ‘ಬೇಕು’ ಅಂತ ಇದೆಯಲ್ಲ, ಮತ್ತೆ ನಾರ್ಮೇಟಿವ್ ಯಾಕಲ್ಲ? ನಾಲ್ಕನೆಯದು ನೇರವಾಗಿ ಬೇಡಿಕೆಯ ನಿಯಮ ಅಲ್ವಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಹಳೇಬೀಡಿನ_ಹುಡುಗ

ಮೊದಲನೆಯದು ಗೊತ್ತು. ಪಾಸಿಟಿವ್ ಅಂದ್ರೆ ಸಕಾರಾತ್ಮಕ. ಆರ್ಥಿಕತೆ ಬೆಳೆಯುತ್ತಿದೆ, ಉದ್ಯೋಗ ಹೆಚ್ಚುತ್ತಿದೆ, ಇಂಥ ಒಳ್ಳೆ ಸುದ್ದಿ ಹೇಳುವುದು ಪಾಸಿಟಿವ್ ಹೇಳಿಕೆ. ಕೆಟ್ಟ ಸುದ್ದಿ ಹೇಳಿದರೆ ನೆಗೆಟಿವ್. ಒಳ್ಳೆ ಸುದ್ದಿಯೆಲ್ಲ ನಿಜ ಇರಲ್ಲ, ಅದಕ್ಕೇ ‘ತಪ್ಪು’ ಅಂತ ಕೊಟ್ಟಿದ್ದಾರೆ.

ಪರೀಕ್ಷಾರ್ಥಿ_ಹಾವೇರಿ

ಹಾಗಲ್ಲ ಗೆಳೆಯ. ಇಲ್ಲಿ ಪಾಸಿಟಿವ್‌ಗೆ ಒಳ್ಳೆಯದು ಕೆಟ್ಟದ್ದು ಅನ್ನುವ ಅರ್ಥವೇ ಇಲ್ಲ. ನಮ್ಮ ಪುಸ್ತಕಗಳಲ್ಲಿ ಕೆಲವು ಕಡೆ ‘ವಾಸ್ತವಿಕ’ ಅಂತಲೂ ಬರೆಯುತ್ತಾರೆ, ಆ ಪದವೇ ವಾಸಿ. ಏನಿದೆ, ಏನಾಗುತ್ತದೆ ಅಂತ ಹೇಳಿದರೆ ಪಾಸಿಟಿವ್. ಏನಿರಬೇಕು, ಏನು ಮಾಡಬೇಕು ಅಂತ ಹೇಳಿದರೆ ನಾರ್ಮೇಟಿವ್. ಕಾರ್ಖಾನೆ ಮುಚ್ಚಿ ನೂರು ಜನ ಕೆಲಸ ಕಳೆದುಕೊಂಡರು ಅನ್ನುವುದೂ ಪಾಸಿಟಿವ್ ಹೇಳಿಕೆಯೇ.

ನಾನು ಬ್ಯಾಂಕ್ ಪರೀಕ್ಷೆ, ಕೆಪಿಎಸ್‌ಸಿ ಎಲ್ಲ ಬರೆದವನು. ಒಂದು ಸುಲಭ ದಾರಿ ಇದೆ. ವಾಕ್ಯದಲ್ಲಿ ‘ಬೇಕು’, ‘ಬಾರದು’, ‘ಒಳ್ಳೆಯದು’ ಇದ್ದರೆ ಕಣ್ಣುಮುಚ್ಚಿ ನಾರ್ಮೇಟಿವ್ ಅಂತ ಹಾಕಿ. ಹಾಗಾಗಿ ಎರಡನೆಯದಕ್ಕೆ ನಿಮ್ಮ ಉತ್ತರವೇ ಸರಿ, ಉತ್ತರಪಟ್ಟಿಯಲ್ಲಿ ಅಚ್ಚಿನ ತಪ್ಪಾಗಿದೆ.

ನಿವೃತ್ತ_ಉಪನ್ಯಾಸಕಿ

ಉತ್ತರಪಟ್ಟಿ ಸರಿಯಾಗೇ ಇದೆ. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಈ ‘ಬೇಕು’ ಹುಡುಕುವ ದಾರಿಯಲ್ಲಿ ಅಂಕ ಕಳೆದುಕೊಂಡ ಮಕ್ಕಳನ್ನು ಪ್ರತಿ ವರ್ಷ ನೋಡಿದ್ದೇನೆ. ಅದರಲ್ಲೂ ಕನ್ನಡದಲ್ಲಿ ಬರೆಯುವವರಿಗೆ ಈ ತೊಂದರೆ ಜಾಸ್ತಿ, ಯಾಕೆಂದರೆ ನಮ್ಮ ‘ಬೇಕು’ ಒಂದೇ ಕೆಲಸ ಮಾಡುವುದಿಲ್ಲ.

ಈ ನಾಲ್ಕು ವಾಕ್ಯ ಒಟ್ಟಿಗೆ ನೋಡಿ. ‘ಸರ್ಕಾರ ಈರುಳ್ಳಿ ಬೆಲೆ ಇಳಿಸಬೇಕು.’ ‘ಬೇಡಿಕೆ ಕುಸಿದಾಗ ಬೆಲೆ ಇಳಿಯಬೇಕು.’ ‘ಹಣದುಬ್ಬರ ಇಳಿಯಬೇಕಾದರೆ ಬಡ್ಡಿದರ ಏರಬೇಕು.’ ‘ಈ ಊರಿನ ಜನಕ್ಕೆ ತಿಂಗಳಿಗೆ ಇಷ್ಟು ಅಕ್ಕಿ ಬೇಕು.’

ಮೊದಲನೆಯದು ಮಾತ್ರ ನಿಜವಾದ ನಾರ್ಮೇಟಿವ್. ಹೇಳುವವರಿಗೆ ಒಂದು ಆಸೆ ಇದೆ, ಸರ್ಕಾರದ ಕರ್ತವ್ಯದ ಬಗ್ಗೆ ಒಂದು ಅಭಿಪ್ರಾಯ ಇದೆ. ಎರಡನೆಯದರಲ್ಲಿ ಆಸೆ ಇಲ್ಲ, ನಿರೀಕ್ಷೆ ಇದೆ. ‘ಐದು ಗಂಟೆಯ ಬಸ್ಸು ಇಷ್ಟೊತ್ತಿಗೆ ಬಂದಿರಬೇಕು’ ಅಂತೀವಲ್ಲ, ಆ ಥರದ ‘ಬೇಕು’. ಬಸ್ಸಿನ ಕರ್ತವ್ಯದ ಬಗ್ಗೆ ಯಾರೂ ಮಾತಾಡುತ್ತಿಲ್ಲ, ಊಹೆ ಹೇಳುತ್ತಿದ್ದೇವೆ. ಮೂರನೆಯದು ಷರತ್ತು. ಹಣದುಬ್ಬರ ಇಳಿಯುವುದು ಒಳ್ಳೆಯದೋ ಕೆಟ್ಟದ್ದೋ ಅಂತ ಅದು ಹೇಳುವುದೇ ಇಲ್ಲ. ಆ ಗುರಿ ಇದ್ದರೆ ದಾರಿ ಇದು ಅನ್ನುತ್ತದೆ ಅಷ್ಟೆ. ನಾಲ್ಕನೆಯದು ಅಗತ್ಯದ ಲೆಕ್ಕ.

ಪರೀಕ್ಷೆಯಲ್ಲಿ ಒಂದು ಕೆಲಸ ಮಾಡಿ. ‘ಇಳಿಯಬೇಕು’ ಇದ್ದ ಜಾಗದಲ್ಲಿ ‘ಇಳಿಯುತ್ತದೆ’ ಅಂತ ಹಾಕಿ ಓದಿ. ಹೇಳಿದವರ ಮಾತು ಕೆಡದೆ ಉಳಿದರೆ ಅದು ಪಾಸಿಟಿವ್. ‘ಬೇಡಿಕೆ ಕುಸಿದಾಗ ಬೆಲೆ ಇಳಿಯುತ್ತದೆ’, ಏನೂ ಕೆಡಲಿಲ್ಲ. ‘ಸರ್ಕಾರ ಬೆಲೆ ಇಳಿಸುತ್ತದೆ’ ಅಂದರೆ ಮಾತೇ ಬೇರೆ ಆಯಿತು.

ಪರೀಕ್ಷಾರ್ಥಿ_ಹಾವೇರಿ

ಒಪ್ಪಿದೆ ಮೇಡಂ, ಈ ಬಸ್ಸಿನ ಉದಾಹರಣೆ ಚೆನ್ನಾಗಿ ತಲೆಗೆ ಹೋಯಿತು. ಹಾಗಾದರೆ ಹೀಗೆ ನೆನಪಿಟ್ಟುಕೊಳ್ಳಬಹುದಾ: ‘ಇಳಿಸಬೇಕು’ ಅಂದರೆ ಯಾರೋ ಮಾಡಬೇಕು, ನಾರ್ಮೇಟಿವ್. ‘ಇಳಿಯಬೇಕು’ ಅಂದರೆ ತಾನಾಗೇ ಆಗುವುದು, ಪಾಸಿಟಿವ್.

ನಿವೃತ್ತ_ಉಪನ್ಯಾಸಕಿ

ಅರ್ಧ ಸರಿ. ಬಹಳ ಸಲ ಕೈಹಿಡಿಯುತ್ತದೆ, ಆದರೆ ‘ಬಡವರು ಬದುಕಬೇಕೆಂದರೆ ಬೇಳೆ ಬೆಲೆ ಇಳಿಯಬೇಕು, ಇಳಿಯಲೇಬೇಕು’ ಅಂತ ಸಭೆಯಲ್ಲಿ ಒಬ್ಬರು ಕೂಗಿದರೆ ಅದು ಊಹೆ ಅಲ್ಲ, ಬೇಡಿಕೆ. ಅಂದರೆ ಹೋರಾಟದ ಬೇಡಿಕೆ. ಕ್ರಿಯಾಪದ ನೋಡಿ ಪೂರ್ತಿ ತೀರ್ಮಾನ ಆಗುವುದಿಲ್ಲ.

ಇನ್ನೊಂದು ಕಡೆಯಿಂದಲೂ ಮೋಸ ಹೋಗುತ್ತೀರಿ. ‘ಬೇಕು’ ಇಲ್ಲದೆಯೂ ನಾರ್ಮೇಟಿವ್ ಆಗುತ್ತದೆ. ‘ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು’ ಅನ್ನುವುದು ಪಾಸಿಟಿವ್. ‘ಮಹಿಳೆಯರ ಉಚಿತ ಪ್ರಯಾಣ ತೆರಿಗೆ ಕಟ್ಟುವವರಿಗೆ ಅನ್ಯಾಯ’ ಅನ್ನುವುದು ನಾರ್ಮೇಟಿವ್. ‘ಉಚಿತ ಪ್ರಯಾಣ ನ್ಯಾಯವಾದ ಹೆಜ್ಜೆ’ ಅನ್ನುವುದೂ ಅಷ್ಟೇ ನಾರ್ಮೇಟಿವ್. ಎರಡರಲ್ಲೂ ‘ಬೇಕು’ ಇಲ್ಲ, ‘ಅನ್ಯಾಯ’, ‘ನ್ಯಾಯ’ ಅನ್ನುವ ಪದದೊಳಗೆ ತೀರ್ಪು ಕೂತಿದೆ.

ಈಗ ಮೊದಲನೇ ಪ್ರಶ್ನೆ. ಪಾಸಿಟಿವ್ ಅಂದರೆ ಲೋಕವನ್ನು ನೋಡಿ, ಲೆಕ್ಕ ಹಾಕಿ ಪರೀಕ್ಷಿಸಬಹುದಾದ ಹೇಳಿಕೆ. ಪರೀಕ್ಷಿಸಿದ ಮೇಲೆ ಸುಳ್ಳು ಅಂತಲೂ ಗೊತ್ತಾಗಬಹುದು. ‘ಶಕ್ತಿ ಯೋಜನೆ 2019ರಲ್ಲಿ ಶುರುವಾಯಿತು’ ಅನ್ನುವುದು ಪಾಸಿಟಿವ್ ಹೇಳಿಕೆ, ಜೊತೆಗೆ ಸುಳ್ಳು. ಮಕ್ಕಳು ಇಲ್ಲಿ ಎರಡು ಪ್ರಶ್ನೆಗಳನ್ನು ಒಂದೇ ಮಾಡಿಬಿಡುತ್ತಾರೆ. ಇದು ಯಾವ ಜಾತಿಯ ಹೇಳಿಕೆ ಅನ್ನುವುದು ಒಂದು. ಇದು ನಿಜವೇ ಅನ್ನುವುದು ಇನ್ನೊಂದು. ಪ್ರಶ್ನೆಪತ್ರಿಕೆ ಯಾವುದನ್ನು ಕೇಳಿದೆ ಅಂತ ನೋಡಿ ಉತ್ತರ ಬರೆಯಿರಿ.

ಬಿಎ_ಎರಡನೇ_ವರ್ಷ

ತುಂಬಾ ಥ್ಯಾಂಕ್ಸ್ ಮೇಡಂ. ಒಂದು ಸಂಶಯ. ರಿಸರ್ವ್ ಬ್ಯಾಂಕಿಗೆ ಹಣದುಬ್ಬರ ಶೇ 4ರ ಹತ್ತಿರ ಇರಬೇಕು, ಶೇ 6 ದಾಟಬಾರದು ಅಂತ ಗುರಿ ಇದೆಯಲ್ಲ. ‘2022ರಲ್ಲಿ ರಿಸರ್ವ್ ಬ್ಯಾಂಕ್ ತನ್ನ ಗುರಿ ತಪ್ಪಿತು’ ಅನ್ನುವುದು ಯಾವುದಾಗುತ್ತದೆ? ಗುರಿ ಅನ್ನುವುದೇ ‘ಇರಬೇಕು’ ಅನ್ನುವ ಮಾತಲ್ವಾ?

ನಿವೃತ್ತ_ಉಪನ್ಯಾಸಕಿ

ಒಳ್ಳೆ ಪ್ರಶ್ನೆ ತಮ್ಮ. ಅದು ಪಾಸಿಟಿವ್. 2022ರ ಮೊದಲ ಮೂರು ತ್ರೈಮಾಸಿಕದಲ್ಲೂ ಸರಾಸರಿ ಹಣದುಬ್ಬರ ಶೇ 6ಕ್ಕಿಂತ ಮೇಲಿತ್ತು. ಕಾನೂನಿನ ಪ್ರಕಾರ ಅದು ಗುರಿ ತಪ್ಪಿದ ಲೆಕ್ಕ, ಅದಕ್ಕೇ ಬ್ಯಾಂಕು ಸರ್ಕಾರಕ್ಕೆ ಕಾರಣ ತಿಳಿಸಿ ಪತ್ರ ಬರೆಯಬೇಕಾಯಿತು. ಇದನ್ನೆಲ್ಲ ಅಂಕಿ ನೋಡಿ ಹೇಳಬಹುದು. ಒಂದು ಕಟ್ಟಳೆ ಇದೆ ಅನ್ನುವುದು, ಅದು ಮುರಿಯಿತು ಅನ್ನುವುದು, ಎರಡೂ ವಾಸ್ತವ. ಆ ಗುರಿ ಶೇ 4 ಇರುವುದೇ ಸರಿ ಅಂದರೆ ಮಾತ್ರ ನಾರ್ಮೇಟಿವ್ ಕಡೆಗೆ ಕಾಲಿಟ್ಟ ಹಾಗೆ.

ಹೂವಿನಂಗಡಿ_ಮೈಸೂರು

ನಾನು ಅರ್ಥಶಾಸ್ತ್ರ ಓದಿದವನಲ್ಲ, ಮೈಸೂರಿನಲ್ಲಿ ಸಣ್ಣ ಹೂವಿನ ಅಂಗಡಿ. ಮಗಳು ಓದುತ್ತಾಳೆ ಅಂತ ಈ ಪುಟ ನೋಡ್ತಿರ್ತೀನಿ. ನಾಲ್ಕನೇ ಪ್ರಶ್ನೆಗೆ ‘ತಪ್ಪು’ ಅಂತ ಕೊಟ್ಟಿರೋದು ನನ್ನ ಪ್ರಕಾರ ನೂರಕ್ಕೆ ನೂರು ಸರಿ. ಬೆಲೆ ಏರಿದರೆ ಜನ ಕಡಿಮೆ ಕೊಳ್ತಾರೆ ಅನ್ನೋದನ್ನ ನನ್ನ ಅಂಗಡಿಗೆ ಬಂದು ನೋಡಿ.

ಮಾಮೂಲಿ ದಿನ ಸೇವಂತಿಗೆ ಒಂದು ಮಾರು 40 ರೂಪಾಯಿ. ದಿನಕ್ಕೆ 50 ಮಾರು ಹೋಗುತ್ತೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ 120 ರೂಪಾಯಿ. ಹೋದ ವರ್ಷ ಆ ಒಂದೇ ದಿನ 140 ಮಾರು ಹೋಯ್ತು. ಬೆಲೆ ಮೂರು ಪಟ್ಟು, ವ್ಯಾಪಾರವೂ ಹತ್ತಿರ ಹತ್ತಿರ ಮೂರು ಪಟ್ಟು. ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಿ. ಪುಸ್ತಕದವರು ಮಾರ್ಕೆಟ್ಟಿಗೆ ಬಂದಿಲ್ಲ ಅನ್ಸುತ್ತೆ.

ಹಳೇಬೀಡಿನ_ಹುಡುಗ

ಸರಿಯಾಗಿ ಹೇಳಿದ್ರಿ ಅಣ್ಣ. ಚಿನ್ನವೂ ಅಷ್ಟೇ, ಬೆಲೆ ಏರಿದಷ್ಟೂ ಜನ ಮುಗಿಬೀಳುತ್ತಾರೆ. ಬೇಡಿಕೆ ನಿಯಮ ನಮ್ಮ ದೇಶಕ್ಕೆ ಅನ್ವಯಿಸಲ್ಲ.

ನಿವೃತ್ತ_ಉಪನ್ಯಾಸಕಿ

ಹೂವಿನಂಗಡಿಯವರೇ, ನಿಮ್ಮ ಲೆಕ್ಕ ನನಗೆ ಬಹಳ ಇಷ್ಟವಾಯಿತು. ಸೆಟೆರಿಸ್ ಪ್ಯಾರಿಬಸ್ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗುವುದಿಲ್ಲ.

ಆ ಮಾತಿನ ಅರ್ಥ ‘ಇತರ ಸಂಗತಿಗಳು ಇದ್ದ ಹಾಗೇ ಇದ್ದರೆ’ ಅಂತ. ಆಲ್ಫ್ರೆಡ್ ಮಾರ್ಷಲ್ ಇದಕ್ಕೆ ಒಂದು ಚಿತ್ರ ಕೊಟ್ಟಿದ್ದಾರೆ, ನಮ್ಮ ಹಳ್ಳಿಯವರಿಗೆ ತಕ್ಷಣ ಅರ್ಥವಾಗುವಂಥದ್ದು. ಹೊಲಕ್ಕೆ ನುಗ್ಗುವ ಬೀಡಾಡಿ ದನಗಳನ್ನು ಹಿಡಿದು ದೊಡ್ಡಿಗೆ ಹಾಕುತ್ತಾರಲ್ಲ, ಹಾಗೆ ಅರ್ಥಶಾಸ್ತ್ರಜ್ಞ ತನ್ನ ಲೆಕ್ಕ ಕೆಡಿಸುವ ಕಾರಣಗಳನ್ನು ಹಿಡಿದು ಸ್ವಲ್ಪ ಹೊತ್ತು ಸೆಟೆರಿಸ್ ಪ್ಯಾರಿಬಸ್ ಅನ್ನುವ ದೊಡ್ಡಿಯಲ್ಲಿ ಕೂಡಿಹಾಕುತ್ತಾನೆ ಅನ್ನುತ್ತಾರೆ ಅವರು. ಕೂಡಿಹಾಕಿದ ಮಾತ್ರಕ್ಕೆ ದನಗಳು ಇಲ್ಲ ಅಂತಲ್ಲ. ಅವು ಸುಮ್ನೆ ನಿಂತಿರುತ್ತವೆ ಅಂತಲೂ ಅಲ್ಲ. ಆ ಹೊತ್ತಿಗೆ ಅವನ್ನು ಹೊರಗೆ ಬಿಟ್ಟಿಲ್ಲ, ಅಷ್ಟೆ.

ನಿಮ್ಮ ಎರಡು ದಿನಗಳನ್ನು ಹೋಲಿಸಿ ನೋಡಿ. ಬದಲಾದದ್ದು ಬೆಲೆ ಒಂದೇನಾ? ಮಾಮೂಲಿ ದಿನ ಮನೆಗೆ ಅರ್ಧ ಮಾರು ಸಾಕು ಅನ್ನುವವರು ಹಬ್ಬಕ್ಕೆ ಕಳಶಕ್ಕೆ, ಬಾಗಿಲಿಗೆ, ಫೋಟೋಗಳಿಗೆ ಅಂತ ಮೂರು ಮಾರು ಕೇಳುತ್ತಾರೆ. ಮಾಮೂಲಿ ದಿನ ಹೂವೇ ಕೊಳ್ಳದವರೂ ಬರುತ್ತಾರೆ. ಹಬ್ಬ ಅನ್ನುವ ದನ ದೊಡ್ಡಿಯಿಂದ ಹೊರಗೆ ಬಂದಿದೆ. ಬೆಲೆ ಏರಿದ್ದೂ ಅದರಿಂದಲೇ. ಬೆಲೆ ಏರಿದ್ದಕ್ಕೆ ವ್ಯಾಪಾರ ಜಾಸ್ತಿ ಆಗಲಿಲ್ಲ, ಕೇಳುವವರು ಜಾಸ್ತಿ ಆಗಿದ್ದಕ್ಕೆ ಬೆಲೆಯೂ ಏರಿತು, ವ್ಯಾಪಾರವೂ ಏರಿತು. ಪುಸ್ತಕದ ಭಾಷೆಯಲ್ಲಿ ಬೇಡಿಕೆ ರೇಖೆಯೇ ಪಲ್ಲಟವಾಯಿತು. ನೀವು ಅದೇ ರೇಖೆಯ ಮೇಲೆ ಮೇಲಕ್ಕೆ ಹತ್ತಿದಿರಿ ಅಂತ ತಿಳಿದಿದ್ದೀರಿ.

ಒಂದು ಕೇಳುತ್ತೇನೆ. ಹಬ್ಬದ ಹಿಂದಿನ ದಿನವೇ ನೀವು 120ರ ಬದಲು 60ಕ್ಕೆ ಕೊಟ್ಟಿದ್ದರೆ ಏನಾಗುತ್ತಿತ್ತು?

ಹೂವಿನಂಗಡಿ_ಮೈಸೂರು

ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ ಆಗ್ತಿತ್ತು ಮೇಡಂ. ಅದು ನಿಜ.

ಈಗ ನೀವು ಹೇಳಿದ ಮೇಲೆ ಇನ್ನೊಂದು ನೆನಪಾಯ್ತು. ಅವತ್ತು ಮಧ್ಯಾಹ್ನ 3ರಿಂದ 4 ಗಂಟೆವರೆಗೆ 150 ಹೇಳ್ತಿದ್ದೆ, ಆ ಒಂದು ಗಂಟೆಯಲ್ಲಿ 8 ಮಾರು ಹೋಯ್ತು. ಬಾಡಿಬಿಡುತ್ತೆ ಅನ್ನೋ ಭಯಕ್ಕೆ 6 ಗಂಟೆಗೆ 120ಕ್ಕೆ ಇಳಿಸಿದೆ. 6ರಿಂದ 7ರೊಳಗೆ 18 ಮಾರು. ಅಂದರೆ ಒಂದೇ ದಿನದೊಳಗೆ ನೋಡಿದರೆ ಪುಸ್ತಕದ ಮಾತು ಸರಿ ಅಂತಾಯ್ತು. ಅಲ್ವಾ?

ಲೆಕ್ಕದ_ಮನುಷ್ಯ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ಸಂಶೋಧನೆ ಮಾಡುತ್ತಿದ್ದೇನೆ, ಇದೇ ನನ್ನ ದಿನದ ಕೆಲಸ.

ಹಬ್ಬದ ದನವನ್ನು ಈ ಹೋಲಿಕೆ ದೊಡ್ಡಿಗೆ ಹಾಕಿತು, ಅದು ನಿಜವಾಗಿ ಒಳ್ಳೆಯದಾಯಿತು, ಯಾಕೆಂದರೆ ಎರಡೂ ಗಂಟೆ ಒಂದೇ ಹಬ್ಬದ ಹಿಂದಿನ ದಿನಕ್ಕೆ ಸೇರಿದ್ದು. ಆದರೆ 6 ಗಂಟೆಗೆ ಆಫೀಸು ಬಿಟ್ಟ ಜನ ಮಾರ್ಕೆಟ್ಟಿಗೆ ಬರುತ್ತಾರೆ. ನೀವು 150ರಲ್ಲೇ ಇಟ್ಟಿದ್ದರೂ 8ಕ್ಕಿಂತ ಜಾಸ್ತಿ ಹೋಗುತ್ತಿತ್ತೇನೋ. 8ರಿಂದ 18ಕ್ಕೆ ಏರಿದ್ದರಲ್ಲಿ ಎಷ್ಟು ಬೆಲೆಯಿಂದ, ಎಷ್ಟು ಸಂಜೆಯಿಂದ ಅಂತ ಈ ಎರಡು ಅಂಕಿ ಮಾತ್ರ ನೋಡಿ ಬಿಡಿಸಲು ಆಗುವುದಿಲ್ಲ.

ಅದೇ ಗಂಟೆಯಲ್ಲಿ ಬೇರೆ ಬೆಲೆಗೆ ಮಾರುತ್ತಿದ್ದ ಇನ್ನೊಂದು ಅಂಗಡಿ ಗೊತ್ತಾ?

ಹೂವಿನಂಗಡಿ_ಮೈಸೂರು

ನನ್ನ ತಮ್ಮನದೇ ಇದೆ, ಎರಡು ಸಾಲು ಆಚೆ. ಫೋನ್ ಮಾಡಿ ಕೇಳಿದೆ. ಅವನು ಆ ಸಂಜೆ 6ಕ್ಕೆ 100ಕ್ಕೆ ಇಳಿಸಿದ್ದನಂತೆ, 7ರೊಳಗೆ 30 ಮಾರು ಹೋಗಿದೆ. ನನ್ನದು 120ಕ್ಕೆ 18. ಅದೇ ಸಂಜೆ, ಅದೇ ಹೂವು, ಒಬ್ಬರೇ ರೈತರಿಂದ ತಂದಿದ್ದು. ಈಗಲಾದರೂ ಸರಿಹೋಯ್ತಾ?

ಲೆಕ್ಕದ_ಮನುಷ್ಯ

ಬಹಳ ಹತ್ತಿರ ಬಂದಿರಿ. ಈಗ ಹಬ್ಬವೂ ಒಂದೇ, ಗಂಟೆಯೂ ಒಂದೇ. ಇನ್ನೊಂದೇ ದನ ಉಳಿದಿದೆ, ನಿಮ್ಮ ತಮ್ಮನ ಬೆಲೆ. 120 ಕೇಳಿ ನಿಮ್ಮ ಅಂಗಡಿಯಿಂದ ಎದ್ದುಹೋದವರು ಎಷ್ಟೋ ಜನ ಎರಡು ಸಾಲು ನಡೆದು ಅವರ ಹತ್ತಿರ 100ಕ್ಕೆ ಕೊಂಡಿರಬಹುದು. ಒಬ್ಬನೇ ಗಿರಾಕಿ ನಿಮ್ಮಲ್ಲಿ ಒಂದು ಕಡಿಮೆ, ಅವರಲ್ಲಿ ಒಂದು ಜಾಸ್ತಿ ಅಂತ ಎರಡು ಸಲ ಎಣಿಕೆಯಾಗುತ್ತಾನೆ. ಆದ್ದರಿಂದ 12 ಮಾರಿನ ವ್ಯತ್ಯಾಸ ನಿಜಕ್ಕಿಂತ ಉಬ್ಬಿರಬಹುದು. ಇಡೀ ಮಾರ್ಕೆಟ್ಟಿನಲ್ಲಿ 20 ರೂಪಾಯಿ ಇಳಿದಿದ್ದರೆ ವ್ಯಾಪಾರ ಇಷ್ಟು ಹೆಚ್ಚುತ್ತಿರಲಿಲ್ಲ. ಪಕ್ಕದ ವಸ್ತುವಿನ ಬೆಲೆ ಅನ್ನುವುದು ‘ಇತರ ಸಂಗತಿ’ಗಳ ಪಟ್ಟಿಯಲ್ಲಿ ಮೊದಲ ಸಾಲಿನಲ್ಲೇ ಬರುವುದು ಇದಕ್ಕೇ.

ನೀವು ಈಗ ಮಾಡಿದ ಕೆಲಸವನ್ನೇ ದೊಡ್ಡ ಮಟ್ಟದಲ್ಲಿ ಇಬ್ಬರು ಮಾಡಿದರು. ಅಮೆರಿಕದ ನ್ಯೂಜೆರ್ಸಿ ರಾಜ್ಯ 1992ರ ಏಪ್ರಿಲ್ 1ರಂದು ಕನಿಷ್ಠ ಕೂಲಿಯನ್ನು ಗಂಟೆಗೆ 4.25 ಡಾಲರಿನಿಂದ 5.05ಕ್ಕೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯ ಏರಿಸಲಿಲ್ಲ. ಆಗ ಆರ್ಥಿಕತೆಯೂ ಸೊರಗಿತ್ತು. ಬರೀ ನ್ಯೂಜೆರ್ಸಿಯ ಹಿಂದು-ಮುಂದು ನೋಡಿದ್ದರೆ ಕೂಲಿಯ ಪರಿಣಾಮ ಯಾವುದು, ಸೊರಗಿದ ಕಾಲದ ಪರಿಣಾಮ ಯಾವುದು ಗೊತ್ತಾಗುತ್ತಿರಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎರಡೂ ಕಡೆಯ ಒಟ್ಟು 410 ಫಾಸ್ಟ್‌ಫುಡ್ ಹೋಟೆಲುಗಳನ್ನು ಏರಿಕೆಗೆ ಮೊದಲು ಒಮ್ಮೆ, ನಂತರ ಒಮ್ಮೆ ವಿಚಾರಿಸಿದರು. ಗಡಿಯಾಚೆಯ ಹೋಟೆಲುಗಳೇ ಅವರ ದೊಡ್ಡಿ. ಕಾಲ ಕೆಟ್ಟಿದ್ದರೆ ಅದು ಎರಡೂ ಕಡೆಗೆ ತಟ್ಟುತ್ತದೆ, ಉಳಿದ ವ್ಯತ್ಯಾಸ ಕೂಲಿಯದು ಅನ್ನುವ ಲೆಕ್ಕ. 1994ರಲ್ಲಿ ಪ್ರಕಟವಾಯಿತು. ನ್ಯೂಜೆರ್ಸಿಯಲ್ಲಿ ಕೆಲಸ ಕಡಿಮೆಯಾದ ಗುರುತು ಅವರಿಗೆ ಸಿಗಲಿಲ್ಲ. ಡೇವಿಡ್ ನ್ಯೂಮಾರ್ಕ್ ಮತ್ತು ವಿಲಿಯಂ ವಾಷರ್ ಸಂಬಳದ ದಾಖಲೆಗಳನ್ನು ತರಿಸಿ ನೋಡಿ, ಹಾಗಲ್ಲ ಅಂದರು. ವಾದ ಇನ್ನೂ ಮುಗಿದಿಲ್ಲ. ಕಾರ್ಡ್ ಅವರಿಗೆ ಇಂಥ ಕೆಲಸಗಳಿಗಾಗಿ 2021ರಲ್ಲಿ ನೊಬೆಲ್ ಬಂತು.

ಬಿಎ ತಮ್ಮನಿಗೆ ಇದನ್ನು ಯಾಕೆ ಹೇಳಿದೆ ಅಂದರೆ, ‘ಕನಿಷ್ಠ ಕೂಲಿ ಏರಿಸಿದರೆ ಉದ್ಯೋಗ ಕಡಿಮೆಯಾಗುತ್ತದೆ’ ಅನ್ನುವುದನ್ನು ಬಹಳ ಜನ ನಾರ್ಮೇಟಿವ್ ಅಂತ ಗುರುತು ಹಾಕುತ್ತಾರೆ. ಜನ ಜಗಳವಾಡುವ ವಿಷಯ ಅಂದರೆ ಅಭಿಪ್ರಾಯ ಇರಬೇಕು ಅಂದುಕೊಳ್ಳುತ್ತಾರೆ. ಇಲ್ಲಿ ಜಗಳ ಅಂಕಿಗಳ ಮೇಲೆ ನಡೆದಿದೆ. ಇತ್ಯರ್ಥವಾಗದ ಪಾಸಿಟಿವ್ ಹೇಳಿಕೆಗಳು ಬೇಕಾದಷ್ಟಿವೆ.

ಬಿಎ_ಎರಡನೇ_ವರ್ಷ

ಈಗ ಮೂರನೆಯದು ಹೊಳೆಯಿತು ಅನ್ಸುತ್ತೆ. ‘ಎಲ್ಲವೂ ಸ್ಥಿರ’ ಅಂದರೆ ಹೂವಿನ ಬೆಲೆಯೂ ಸ್ಥಿರ, ಕೊಳ್ಳುವ ಪ್ರಮಾಣವೂ ಸ್ಥಿರ. ಆಗ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ. ‘ಇತರ’ ಅನ್ನುವ ಪದವೇ ಮುಖ್ಯ. ನಾವು ಬದಲಾಯಿಸುವ ಒಂದು, ಅದರಿಂದ ಬದಲಾಗುವುದೇನು ಅಂತ ನೋಡುವ ಇನ್ನೊಂದು, ಇವೆರಡು ಹೊರಗೆ. ಉಳಿದವು ದೊಡ್ಡಿಯಲ್ಲಿ. ಸರೀನಾ ಮೇಡಂ?

ನಿವೃತ್ತ_ಉಪನ್ಯಾಸಕಿ

ಸರಿ. ಇನ್ನೊಂದು ಮಾತು ಸೇರಿಸಿಕೊಳ್ಳಿ. ‘ಸೆಟೆರಿಸ್ ಪ್ಯಾರಿಬಸ್ ಅಂದರೆ ನಿಜಜೀವನದಲ್ಲಿ ಇತರ ಸಂಗತಿಗಳು ಬದಲಾಗುವುದಿಲ್ಲ’ ಅಂತ ಕೊಟ್ಟು ಸರಿಯೋ ತಪ್ಪೋ ಕೇಳುತ್ತಾರೆ. ತಪ್ಪು. ಬದಲಾಗುತ್ತವೆ ಅಂತ ಗೊತ್ತಿರುವುದರಿಂದಲೇ ಆ ಮಾತು ಬೇಕಾಗಿದ್ದು. ‘ಸೆಟೆರಿಸ್ ಪ್ಯಾರಿಬಸ್ ಸೇರಿಸಿದರೆ ಹೇಳಿಕೆ ನಾರ್ಮೇಟಿವ್ ಆಗುತ್ತದೆ’ ಅಂತಲೂ ನಾನು ನೋಡಿದ್ದೇನೆ. ಅದೂ ತಪ್ಪು. ಷರತ್ತು ಹಾಕಿದ ಪಾಸಿಟಿವ್ ಹೇಳಿಕೆ ಆಗುತ್ತದೆ.

ಹಳೇಬೀಡಿನವರ ಚಿನ್ನದ ಮಾತಿಗೆ ಚಿಕ್ಕದಾಗಿ ಹೇಳುತ್ತೇನೆ. ಇಂದು ಏರಿದ್ದು ನಾಳೆ ಇನ್ನೂ ಏರುತ್ತದೆ ಅನ್ನುವ ನಂಬಿಕೆ ಹುಟ್ಟಿದಾಗ ಜನ ಮುಗಿಬೀಳುತ್ತಾರೆ. ಆ ನಂಬಿಕೆ ಒಂದು ‘ಇತರ ಸಂಗತಿ’. ಅದು ಹೊರಗೆ ಬಂದಿದೆ.

ಹಳೇಬೀಡಿನ_ಹುಡುಗ

ಮೇಡಂ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹೂವಿಗೆ ಹಬ್ಬ, ಚಿನ್ನಕ್ಕೆ ನಂಬಿಕೆ. ನಿಯಮ ಕೆಲಸ ಮಾಡದೇ ಇದ್ದಾಗಲೆಲ್ಲ ಒಂದು ದನ ಹೊರಗೆ ಬಂತು ಅಂದುಬಿಟ್ಟರೆ, ಆ ನಿಯಮವನ್ನು ಸುಳ್ಳು ಅಂತ ತೋರಿಸುವುದಕ್ಕೆ ಯಾರಿಗೂ ಆಗುವುದೇ ಇಲ್ಲವಲ್ಲ? ಸುಳ್ಳು ಅಂತ ತೋರಿಸಲು ಆಗದಿದ್ದರೆ ಅದು ಪರೀಕ್ಷಿಸಬಹುದಾದ ಹೇಳಿಕೆ ಹೇಗಾಯಿತು?

ಲೆಕ್ಕದ_ಮನುಷ್ಯ

ಈ ಇಡೀ ಚರ್ಚೆಯಲ್ಲಿ ಬಂದ ಅತ್ಯಂತ ಗಟ್ಟಿ ಪ್ರಶ್ನೆ ಇದು. ದೊಡ್ಡಿಯಲ್ಲಿ ಯಾವ ಯಾವ ದನ ಇದೆ ಅಂತ ಮೊದಲೇ ಪಟ್ಟಿ ಬರೆದಿಡದಿದ್ದರೆ ನೀವು ಹೇಳಿದ್ದು ಪೂರ್ತಿ ನಿಜ. ಫಲಿತಾಂಶ ನೋಡಿದ ಮೇಲೆ ಹೊಸ ದನ ಹುಡುಕುವುದು ತಪ್ಪಿಸಿಕೊಳ್ಳುವ ದಾರಿ. ಬೇಡಿಕೆಯ ವಿಷಯದಲ್ಲಿ ಪಟ್ಟಿ ಹೆಚ್ಚುಕಡಿಮೆ ಗೊತ್ತಿದೆ: ಆದಾಯ, ಬದಲಿ ಮತ್ತು ಜೊತೆ ವಸ್ತುಗಳ ಬೆಲೆ, ಅಭಿರುಚಿ, ಮುಂದಿನ ಬೆಲೆಯ ನಿರೀಕ್ಷೆ, ಕೊಳ್ಳುವವರ ಸಂಖ್ಯೆ. ಇದರಲ್ಲಿ ‘ಅಭಿರುಚಿ’ ಮಾತ್ರ ಬಹಳ ಸಡಿಲ, ಅಳೆಯಲು ಬರುವುದಿಲ್ಲ. ಅದನ್ನು ಎಳೆದು ತಂದರೆ ಯಾವುದಕ್ಕೆ ಬೇಕಾದರೂ ಕಾರಣ ಕೊಡಬಹುದು. ಹಬ್ಬದ ಹೂವಿಗೆ ಅಷ್ಟು ತೊಂದರೆ ಇಲ್ಲ, ಹಬ್ಬ ಪಂಚಾಂಗದಲ್ಲಿ ಮೊದಲೇ ಇದೆ.

ಪರೀಕ್ಷಾರ್ಥಿ_ಹಾವೇರಿ

ಎಲ್ಲ ಸರಿ, ಆದರೆ ಪರೀಕ್ಷೆಗೆ ಏನು ಬರೆಯಬೇಕು? ನಾಲ್ಕನೇ ಪ್ರಶ್ನೆಯಲ್ಲಿ ‘ಇತರ ಸಂಗತಿಗಳು ಸ್ಥಿರವಾಗಿದ್ದರೆ’ ಅಂತ ಇಲ್ಲ. ನಾನು ಬರೆದ ಒಂದು ಪರೀಕ್ಷೆಯಲ್ಲಿ ಇದೇ ವಾಕ್ಯಕ್ಕೆ ‘ಸರಿ’ ಅಂತ ಉತ್ತರ ಇತ್ತು.

ನಿವೃತ್ತ_ಉಪನ್ಯಾಸಕಿ

ಇಲ್ಲಿ ನಾನು ಖಚಿತವಾಗಿ ಹೇಳಲಾರೆ. ನನ್ನ ಪತ್ರಿಕೆಯಾಗಿದ್ದರೆ ಆ ವಾಕ್ಯವನ್ನು ಷರತ್ತಿಲ್ಲದೆ ಕೊಡುತ್ತಲೇ ಇರಲಿಲ್ಲ. ಕೆಲವರು ಷರತ್ತು ಇದ್ದೇ ಇದೆ ಅಂತ ತಿಳಿದು ‘ಸರಿ’ ಅನ್ನುತ್ತಾರೆ. ಕೆಲವರು ಷರತ್ತು ಬಿಟ್ಟಿದ್ದೇ ಪ್ರಶ್ನೆಯ ಕೊಕ್ಕೆ ಅಂತ ‘ತಪ್ಪು’ ಅನ್ನುತ್ತಾರೆ. ನಿಮ್ಮ ಪತ್ರಿಕೆಯಲ್ಲಿ ಅಕ್ಕಪಕ್ಕದ ಪ್ರಶ್ನೆಗಳಲ್ಲಿ ಷರತ್ತನ್ನು ಬಿಡಿಸಿ ಬರೆದಿದ್ದಾರಾ ನೋಡಿ. ಅಲ್ಲಿ ಬರೆದು ಇಲ್ಲಿ ಬಿಟ್ಟಿದ್ದರೆ ಬೇಕಂತಲೇ ಬಿಟ್ಟಿದ್ದಾರೆ.

ಬಿಎ_ಎರಡನೇ_ವರ್ಷ

ನೋಡಿದೆ. ಆರನೇ ಪ್ರಶ್ನೆಯಲ್ಲಿ ‘ಇತರ ಅಂಶಗಳು ಸ್ಥಿರವಾಗಿದ್ದಾಗ ಆದಾಯ ಹೆಚ್ಚಿದರೆ’ ಅಂತ ಬಿಡಿಸಿ ಬರೆದಿದ್ದಾರೆ. ಹಾಗಾದರೆ ನಾಲ್ಕನೆಯದು ಕೊಕ್ಕೆಯೇ. ಒಪ್ಪಿಕೊಂಡೆ.

ಕೊನೆಗೆ ಇನ್ನೊಂದು ಇದೆ, ಅದಕ್ಕೆ ಉತ್ತರಪಟ್ಟಿಯಲ್ಲಿ ಪಾಸಿಟಿವ್ ಅಂತಿದೆ: ‘2011-12ರಲ್ಲಿ ಭಾರತದ ಶೇ 21.9ರಷ್ಟು ಜನ ಬಡವರಾಗಿದ್ದರು.’ ಇದರಲ್ಲಿ ಸಂಶಯ ಇಲ್ಲ ಅಲ್ವಾ, ಬರೀ ಅಂಕಿ?

ಲೆಕ್ಕದ_ಮನುಷ್ಯ

ಪರೀಕ್ಷೆಗೆ ಪಾಸಿಟಿವ್ ಅಂತಲೇ ಬರೆಯಿರಿ. ಆದರೆ ನನಗೆ ಇದು ಅಷ್ಟು ಸರಳ ಅನ್ನಿಸುವುದಿಲ್ಲ. ಶೇ 21.9 ಅನ್ನುವುದು ತೆಂಡೂಲ್ಕರ್ ಸಮಿತಿಯ ಬಡತನ ರೇಖೆಯಿಂದ ಬಂದದ್ದು, ಹಳ್ಳಿಯಲ್ಲಿ ಒಬ್ಬರಿಗೆ ತಿಂಗಳಿಗೆ 816 ರೂಪಾಯಿ ಖರ್ಚು, ಪಟ್ಟಣದಲ್ಲಿ 1,000. ರಂಗರಾಜನ್ ಸಮಿತಿ ಅದೇ ವರ್ಷಕ್ಕೆ 972 ಮತ್ತು 1,407 ಅಂತ ರೇಖೆ ಎಳೆಯಿತು, ಬಡವರು ಶೇ 29.5 ಆದರು. ಒಬ್ಬ ಮನುಷ್ಯನಿಗೆ ಏನೇನು ಇರಲೇಬೇಕು ಅನ್ನುವ ತೀರ್ಮಾನ ಆ ರೇಖೆಯೊಳಗೇ ಇದೆ. ಅದು ‘ಬೇಕು’ ಅಲ್ಲದೆ ಮತ್ತೇನು?

ನಿವೃತ್ತ_ಉಪನ್ಯಾಸಕಿ

ನಾನು ಒಪ್ಪುವುದಿಲ್ಲ. ರೇಖೆ ಆರಿಸುವುದು ನಾರ್ಮೇಟಿವ್ ಇರಬಹುದು. ರೇಖೆ ಹೇಳಿದ ಮೇಲೆ ಅದರ ಕೆಳಗೆ ಎಷ್ಟು ಜನ ಅನ್ನುವುದು ಎಣಿಕೆ. ‘ತೆಂಡೂಲ್ಕರ್ ರೇಖೆಯ ಪ್ರಕಾರ’ ಅಂತ ಮೂರು ಪದ ಸೇರಿಸಿದರೆ ನಿಮ್ಮ ತಕರಾರು ಹೋಗುತ್ತದೆ. ರಿಸರ್ವ್ ಬ್ಯಾಂಕಿನ ಗುರಿಯ ಹಾಗೇ ಇದು.

ಲೆಕ್ಕದ_ಮನುಷ್ಯ

ಆ ಮೂರು ಪದ ಪ್ರಶ್ನೆಯಲ್ಲಿ ಇಲ್ಲವಲ್ಲ ಮೇಡಂ. ‘ಬಡವರು’ ಅನ್ನುವ ಪದ ಕೇಳಿದಾಗ ಓದುವವರು ಸಮಿತಿಯನ್ನು ನೆನೆಯುವುದಿಲ್ಲ, ಕಷ್ಟದಲ್ಲಿರುವ ಮನುಷ್ಯರನ್ನು ನೆನೆಯುತ್ತಾರೆ. ಷರತ್ತು ಬಿಟ್ಟ ನಾಲ್ಕನೇ ಪ್ರಶ್ನೆಗೆ ಒಂದು ನ್ಯಾಯ, ಇದಕ್ಕೆ ಇನ್ನೊಂದು ನ್ಯಾಯ ಆಗಬಾರದು ಅಂತ ನನ್ನ ಅನಿಸಿಕೆ.

ಹೂವಿನಂಗಡಿ_ಮೈಸೂರು

ಬಡವರ ಲೆಕ್ಕ ನನಗೆ ಅಷ್ಟು ತಿಳಿಯಲಿಲ್ಲ. ನನ್ನ ಲೆಕ್ಕಕ್ಕೇ ಒಂದು ಕೇಳ್ತೀನಿ. ಗೌರಿ ಹಬ್ಬದ ಹಿಂದಿನ ಸಂಜೆ ನಾನೂ ತಮ್ಮನೂ 6ರಿಂದ 7ರವರೆಗೆ ಇಬ್ಬರೂ 120, 7ರಿಂದ 8ರವರೆಗೆ ಇಬ್ಬರೂ 100 ಅಂತ ಇಟ್ಟು ಬರೆದಿಟ್ಟರೆ ಸಾಕಾ? ಇಬ್ಬರ ಬೆಲೆಯೂ ಒಂದೇ ಇದ್ದರೆ ಗಿರಾಕಿ ಆ ಕಡೆ ಈ ಕಡೆ ಹೋಗಲ್ಲ.

ಲೆಕ್ಕದ_ಮನುಷ್ಯ

ಗಂಟೆ ಮತ್ತೆ ಬೇರೆ ಆಯಿತು ನೋಡಿ, ಎಂಟಾಗುತ್ತಾ ಜನ ಕರಗುತ್ತಾರೆ. ಅರ್ಧರ್ಧ ಗಂಟೆಗೆ ಬೆಲೆ ಬದಲಿಸಿ, 120, 100, 120, 100 ಅಂತ. ಒಂದು ಚೀಟಿಯಲ್ಲಿ ಹೊತ್ತು, ಬೆಲೆ, ಮಾರು ಬರೆದಿಡಿ. ಉಳಿದ ಅಂಗಡಿಯವರು ಅಷ್ಟರಲ್ಲಿ ಎಷ್ಟು ಹೇಳುತ್ತಿದ್ದರು ಅಂತಲೂ ಬರೆಯಿರಿ. ಹಬ್ಬ ಮುಗಿದ ಮೇಲೆ ಇಲ್ಲಿ ಹಾಕಿ, ಕೂತು ನೋಡೋಣ.